ಸಂಬಳದ ಮುಂಗಡವನ್ನು ಸಮಾನ ಕಂತುಗಳಲ್ಲಿ ವಸೂಲು ಮಾಡುವ ಕ್ರಮ: ಕೈಸಂಬಳ ನಿಗದಿತ ಮೊತ್ತಕ್ಕಿಂತ ಕೆಳಗಿಳಿಯದಂತೆ

ಜೂನ್ ತಿಂಗಳು ಬಂತೆಂದರೆ ಕಲಬುರಗಿಯ ದಾಲ್ ಮಿಲ್ಲುಗಳ ಕಚೇರಿಗಳಲ್ಲಿ ಮುಂಗಡದ ಅರ್ಜಿಗಳು ಒಟ್ಟಾಗುತ್ತವೆ. ಮಕ್ಕಳ ಶಾಲೆ ಕಾಲೇಜುಗಳ ಪ್ರವೇಶ ಶುಲ್ಕ ಕಟ್ಟುವುದು, ಊರಿನ ಹೊಲಕ್ಕೆ ತೊಗರಿ ಬೀಜ ಮತ್ತು ಗೊಬ್ಬರ ತರುವುದು ಎರಡೂ ಆಗಲೇ ಒದಗಿ ಬರುತ್ತವೆ. ಮುಂಗಡ ಕೊಡುವುದು ಅರ್ಧ ಗಂಟೆಯ ಕೆಲಸ. ಅದನ್ನು ಮುಂದಿನ ಒಂದು ವರ್ಷ ತಿಂಗಳು ತಿಂಗಳು ಸರಿಯಾಗಿ ಹಿಡಿದುಕೊಂಡು, ನೌಕರನ ಮನೆಯ ಖರ್ಚಿಗೆ ಅಡ್ಡಿಯಾಗದಂತೆ, ಲೆಕ್ಕದಲ್ಲಿ ಒಂದು ರೂಪಾಯಿಯೂ ಕಳೆದುಹೋಗದಂತೆ ಮುಗಿಸುವುದು ಮಾತ್ರ ಪಗಾರದ ಲೆಕ್ಕ ನೋಡುವವರ ಪಾಲಿಗೆ ಬೀಳುತ್ತದೆ. ಈ ಬರಹ ಅವರಿಗಾಗಿ. ಬಡ್ಡಿಯಿಲ್ಲದ ಒಂದೇ ಒಂದು ಮುಂಗಡವನ್ನು ತೆಗೆದುಕೊಂಡು, ಅದನ್ನು ಮಂಜೂರಾತಿಯಿಂದ ಕೊನೆಯ ಕಂತಿನವರೆಗೆ ಹಿಂಬಾಲಿಸಿ ನೋಡೋಣ.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಇಂಥ ವಸೂಲಿಯಲ್ಲಿ ಕಂತಿನ ಮೊತ್ತ, ಕನಿಷ್ಠ ಕೈಸಂಬಳ ಮತ್ತು ಅವಧಿ ಎಂಬ ಮೂರು ಸಂಗತಿಗಳಿರುತ್ತವೆ. ತಿಂಗಳಿನಿಂದ ತಿಂಗಳಿಗೆ ಹಾಜರಾತಿ ಬದಲಾಗುವುದರಿಂದ ಮೂರನ್ನೂ ಒಟ್ಟಿಗೆ ಸ್ಥಿರವಾಗಿ ಹಿಡಿದಿಡಲು ಆಗುವುದಿಲ್ಲ, ಒಂದು ಬಾಗಲೇಬೇಕು. ಬಾಗಬೇಕಾದುದು ಅವಧಿ. ಬಹಳಷ್ಟು ಕಡೆ ಕಂತನ್ನೂ ಅವಧಿಯನ್ನೂ ಗಟ್ಟಿಯಾಗಿ ಹಿಡಿದು ಕನಿಷ್ಠ ಕೈಸಂಬಳವನ್ನು ಸಡಿಲ ಬಿಡುತ್ತಾರೆ. ಅದರ ಫಲವಾಗಿ ನೌಕರ ಮೂರನೆಯ ತಿಂಗಳಿಗೇ ಮತ್ತೊಂದು ಮುಂಗಡ ಕೇಳಿಕೊಂಡು ಬರುತ್ತಾನೆ.

ಕಾನೂನಿನ ಮಿತಿ ಬೇರೆ, ಕನಿಷ್ಠ ಕೈಸಂಬಳ ಬೇರೆ

2025ರ ನವೆಂಬರ್ 21ರಿಂದ ಜಾರಿಯಲ್ಲಿರುವ 2019ರ ವೇತನ ಸಂಹಿತೆಯ 18ನೇ ಕಲಮು ಸಂಬಳದಿಂದ ಯಾವ ಯಾವ ಬಾಬತ್ತಿಗೆ ಹಣ ಹಿಡಿಯಬಹುದು ಎಂಬುದನ್ನು ಹೇಳುತ್ತದೆ, ಮತ್ತು ಒಂದು ವೇತನಾವಧಿಯಲ್ಲಿ ಎಲ್ಲ ಕಡಿತಗಳ ಮೊತ್ತ ವೇತನದ ಶೇಕಡಾ 50ನ್ನು ಮೀರಬಾರದು ಎಂದು ಕಟ್ಟು ಹಾಕುತ್ತದೆ. 1936ರ ವೇತನ ಪಾವತಿ ಕಾಯ್ದೆಯಲ್ಲಿ ಸಹಕಾರ ಸಂಘದ ಕಡಿತವಿದ್ದವರಿಗೆ ಈ ಮಿತಿ ಶೇಕಡಾ 75ರವರೆಗೆ ಇತ್ತು. ಹಳೆಯ ಎಕ್ಸೆಲ್ ಹಾಳೆಗಳಲ್ಲಿ ಆ 75 ಇನ್ನೂ ಉಳಿದುಕೊಂಡಿರುವ ಸಾಧ್ಯತೆ ಇರುವುದರಿಂದ ಮೊದಲ ಕೆಲಸವಾಗಿ ಅದನ್ನು ಹುಡುಕಿ ತೆಗೆಯಬೇಕು.

ಶೇಕಡಾ 50 ಯಾವುದರ ಮೇಲೆ ಎಂಬುದೂ ಮುಖ್ಯ. ಸಂಹಿತೆಯ ವ್ಯಾಖ್ಯೆಯಲ್ಲಿ ವೇತನವೆಂದರೆ ಮೂಲವೇತನ, ತುಟ್ಟಿಭತ್ಯೆ ಮತ್ತು ಉಳಿಸಿಕೊಳ್ಳುವ ಭತ್ಯೆ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆಯಂಥವು ಹೊರಗುಳಿಯುತ್ತವೆ. ಹಾಗೆ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವೂ ವೇತನವೆಂದೇ ಎಣಿಕೆಯಾಗುತ್ತದೆ. ಆದ್ದರಿಂದ ಮಿತಿಯನ್ನು ಒಟ್ಟು ಸಂಬಳದ ಮೇಲೆ ಲೆಕ್ಕ ಹಾಕಿದರೆ ನಿಜವಾದ ಮಿತಿಗಿಂತ ಹೆಚ್ಚು ಹಿಡಿದಂತಾಗುತ್ತದೆ.

ಆದರೆ ಈ ಕಲಮು ನೌಕರನ ಕೈಗೆ ಇಂತಿಷ್ಟು ರೂಪಾಯಿ ಸಿಗಲೇಬೇಕೆಂದು ಎಲ್ಲಿಯೂ ಹೇಳುವುದಿಲ್ಲ. ಆ ಮೊತ್ತವನ್ನು ಸಂಸ್ಥೆಯೇ ತನ್ನ ಮುಂಗಡದ ನಿಯಮದಲ್ಲಿ ಬರೆದುಕೊಳ್ಳಬೇಕು. ಎರಡು ಮಿತಿಗಳಲ್ಲಿ ಯಾವುದು ನೌಕರನಿಗೆ ಹೆಚ್ಚು ಉಳಿಸುತ್ತದೆಯೋ ಅದು ಆ ತಿಂಗಳು ನಡೆಯುತ್ತದೆ. ಕಾನೂನಿನ ಮಿತಿಯನ್ನು ನೌಕರ ಒಪ್ಪಿದರೂ ದಾಟುವಂತಿಲ್ಲ. "ಮುಂದಿನ ತಿಂಗಳ ಪಗಾರ ಪೂರಾ ಹಿಡಕೊಂಡಬಿಡ್ರಿ ಸಾಹೇಬ್ರ, ತಲೀಮ್ಯಾಲಿಂದ ಭಾರ ಇಳೀತದ" ಎಂದು ಕೆಲವರು ತಾವಾಗಿಯೇ ಹೇಳುತ್ತಾರೆ. ಬೇಗ ತೀರಿಸುವ ಮನಸ್ಸಿದ್ದವರು ಸಂಬಳವನ್ನು ಪೂರ್ತಿ ಪಡೆದು, ಆಮೇಲೆ ತಮ್ಮ ಕೈಯಿಂದ ಹಣ ಕಟ್ಟಿ ರಸೀದಿ ಪಡೆಯಬಹುದು. ಅದು ಕಡಿತವಲ್ಲ, ಸ್ವಇಚ್ಛೆಯ ಮರುಪಾವತಿ.

ಕನಿಷ್ಠ ಮೊತ್ತವನ್ನು ಗೊತ್ತು ಮಾಡುವುದು

ನಮ್ಮ ಉದಾಹರಣೆಯ ನೌಕರ ದಾಲ್ ಮಿಲ್ಲಿನಲ್ಲಿ ಯಂತ್ರ ನಡೆಸುವವನು ಎಂದುಕೊಳ್ಳೋಣ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 22,000 ರೂಪಾಯಿ, ಮನೆ ಬಾಡಿಗೆ ಭತ್ಯೆ 3,500, ಇತರ ಭತ್ಯೆ 2,500, ಒಟ್ಟು 28,000. ಇಲ್ಲಿ ವೇತನ 22,000ವೇ ಆಗುತ್ತದೆ, ಏಕೆಂದರೆ ಹೊರಗಿಟ್ಟ 6,000 ಒಟ್ಟು ಮೊತ್ತದ ಅರ್ಧಕ್ಕಿಂತ ಬಹಳ ಕಡಿಮೆ. ಅವನ ಭವಿಷ್ಯ ನಿಧಿಯ ವಂತಿಗೆ 15,000ದ ಮಿತಿಯ ಮೇಲೆ ಶೇಕಡಾ 12ರಂತೆ 1,800. ವೃತ್ತಿ ತೆರಿಗೆ 200. ವೇತನ 21,000ದ ಮಿತಿ ಮೀರಿರುವುದರಿಂದ ಇ.ಎಸ್.ಐ. ಕಡಿತವಿಲ್ಲ. ಪತ್ತಿನ ಸಹಕಾರ ಸಂಘಕ್ಕೆ ತಿಂಗಳಿಗೆ 2,500 ಹೋಗುತ್ತದೆ. ಹೀಗೆ ಮುಂಗಡದ ಕಂತು ಹಿಡಿಯುವುದಕ್ಕೆ ಮುಂಚೆ ಅವನ ಕೈಗೆ ಬರುವುದು 23,500.

ಈಗ ಇದರಲ್ಲಿ ಎಷ್ಟನ್ನು ಮುಟ್ಟಬಾರದು? ಸಂಬಳದ ಶೇಕಡಾ ಇಷ್ಟು ಎಂದು ಬರೆಯುವ ಪದ್ಧತಿ ಸುಲಭ, ಆದರೆ ಹಾಜರಾತಿ ಕಡಿಮೆಯಾದ ತಿಂಗಳಲ್ಲಿ ಆ ಶೇಕಡಾವಾರು ಮೊತ್ತವೂ ಕುಸಿಯುತ್ತದೆ, ಮನೆಯ ಖರ್ಚು ಮಾತ್ರ ಕುಸಿಯುವುದಿಲ್ಲ. ಹಾಗಾಗಿ ರೂಪಾಯಿಗಳಲ್ಲಿಯೇ ಬರೆಯಬೇಕು. ಅರ್ಜಿ ತಂದವನನ್ನು ಎದುರಿಗೆ ಕೂರಿಸಿಕೊಂಡು ಒಂದು ಹಾಳೆಯಲ್ಲಿ ಅವನ ತಪ್ಪಿಸಲಾಗದ ಖರ್ಚುಗಳನ್ನು ಬರೆದುಕೊಳ್ಳಿ. ನಮ್ಮ ನೌಕರನಿಗೆ ಬಾಡಿಗೆ 4,500, ದಿನಸಿ ಮತ್ತು ತರಕಾರಿ 6,500, ಬೈಕಿನ ಬ್ಯಾಂಕ್ ಕಂತು 3,200, ಮಕ್ಕಳ ಖರ್ಚು 1,500, ಗ್ಯಾಸು ಮತ್ತು ಮೊಬೈಲು 1,300, ತಾಯಿಯ ಔಷಧ 1,000. ಒಟ್ಟು 18,000. ಇದೇ ಅವನ ಕನಿಷ್ಠ ಕೈಸಂಬಳ.

ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಬ್ಯಾಂಕಿನ ಕಂತು. ಅದು ವೇತನ ಚೀಟಿಯಲ್ಲಿ ಕಾಣುವುದಿಲ್ಲ. ಸಂಬಳ ಖಾತೆಗೆ ಜಮೆಯಾದ ಮೇಲೆ ಬ್ಯಾಂಕು ತಾನಾಗಿ ಎಳೆದುಕೊಳ್ಳುತ್ತದೆ. ನೀವು 16,000 ಉಳಿಸಿದ್ದೇವೆಂದು ಸಮಾಧಾನಪಟ್ಟರೂ ಮಾರನೆಯ ದಿನ ಅವನ ಖಾತೆಯಲ್ಲಿ 12,800 ಮಾತ್ರ ಇರುತ್ತದೆ. ಸ್ವಸಹಾಯ ಸಂಘಕ್ಕೆ ವಾರ ವಾರ ಕಟ್ಟುವ ಹಣವಿದ್ದರೆ ಅದನ್ನೂ ಹೀಗೆಯೇ ಕೇಳಿ ತಿಳಿದು ಪಟ್ಟಿಗೆ ಸೇರಿಸಬೇಕು. ಪ್ರತಿ ನೌಕರನಿಗೂ ಇಷ್ಟು ವಿಚಾರಣೆ ಮಾಡಲಾಗದ ದೊಡ್ಡ ಕಾರ್ಖಾನೆಯಲ್ಲಿ ಹುದ್ದೆಯ ಶ್ರೇಣಿಗೊಂದರಂತೆ ಕನಿಷ್ಠ ಮೊತ್ತವನ್ನು ಗೊತ್ತು ಮಾಡಬಹುದು. ಇಪ್ಪತ್ತು ಮೂವತ್ತು ಜನರಿರುವ ಮಿಲ್ಲಿಗೆ ಈ ಹಾಳೆಯೇ ಮೇಲು.

ಕಂತನ್ನು ಹಿಂದಿನಿಂದ ಲೆಕ್ಕ ಹಾಕುವುದು

ಬೇಡಿಕೆ 48,000 ರೂಪಾಯಿ. ಎಷ್ಟು ತಿಂಗಳಲ್ಲಿ ತೀರಿಸುತ್ತೀ ಎಂದು ಮೊದಲು ಕೇಳಿ, ಆಮೇಲೆ ಭಾಗಿಸುವುದು ರೂಢಿ. ಅದನ್ನು ತಿರುಗಿಸಬೇಕು. ಹಿಡಿಯಬಹುದಾದ ಗರಿಷ್ಠ ಕಂತು ಎಷ್ಟೆಂದು ಮೊದಲು ಕಂಡುಕೊಂಡು, ಅವಧಿಯನ್ನು ಅದರಿಂದ ತೆಗೆಯಬೇಕು.

ಕನಿಷ್ಠ ಕೈಸಂಬಳದ ಕಡೆಯಿಂದ ನೋಡಿದರೆ 23,500ರಲ್ಲಿ 18,000 ಕಳೆದು 5,500 ಸಿಗುತ್ತದೆ. ಕಾನೂನಿನ ಕಡೆಯಿಂದ ನೋಡಿದರೆ 22,000ದ ಅರ್ಧ 11,000, ಅದರಲ್ಲಿ ಭವಿಷ್ಯ ನಿಧಿ, ವೃತ್ತಿ ತೆರಿಗೆ, ಸಹಕಾರ ಸಂಘ ಸೇರಿದ 4,500ನ್ನು ಕಳೆದರೆ 6,500. ಎರಡರಲ್ಲಿ ಚಿಕ್ಕದು 5,500. ಪೂರ್ಣ ಹಾಜರಾತಿಯ ತಿಂಗಳಲ್ಲಿ ಇದಕ್ಕಿಂತ ಹೆಚ್ಚು ಹಿಡಿಯುವ ಹಾಗಿಲ್ಲ.

48,000ವನ್ನು 5,500ರಿಂದ ಭಾಗಿಸಿದರೆ ಎಂಟು ಚಿಲ್ಲರೆ, ಅಂದರೆ ಒಂಬತ್ತು ತಿಂಗಳಲ್ಲಿ ಮುಗಿಯಬಹುದು. ಒಂಬತ್ತು ಕಂತಾದರೆ ಕಂತಿಗೆ 5,333, ಉಳಿಯುವ ಅಂತರ 167 ರೂಪಾಯಿ. ಇಲ್ಲಿ ತಡೆದು ಯೋಚಿಸಬೇಕು. ಈ ನೌಕರ ಒಂದು ದಿನ ಸಂಬಳವಿಲ್ಲದ ರಜೆ ಹಾಕಿದರೆ 30 ದಿನದ ತಿಂಗಳಲ್ಲಿ 933 ರೂಪಾಯಿ ಹೋಗುತ್ತದೆ. 167ರ ಅಂತರ ಒಂದು ದಿನಕ್ಕೂ ಸಾಲದು. ಹತ್ತು ಕಂತಾದರೆ ಕಂತು 4,800, ಅಂತರ 700, ಅದೂ ಒಂದು ದಿನಕ್ಕೆ ಸಾಲದು. ಹನ್ನೆರಡು ಕಂತಾದರೆ ಕಂತು 4,000, ಅಂತರ 1,500. ಒಂದು ದಿನದ ಗೈರುಹಾಜರಿಯನ್ನು ಇದು ತಡೆದುಕೊಳ್ಳುತ್ತದೆ, ಎರಡನೆಯ ದಿನಕ್ಕೆ ಮುರಿಯುತ್ತದೆ.

ಲೆಕ್ಕದಲ್ಲಿ ಒಂಬತ್ತು ಬಂದರೂ ಹನ್ನೆರಡನ್ನೇ ಆರಿಸಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ. ಒಂಬತ್ತು ಕಂತಿನ ಯೋಜನೆ ಕಾಗದದ ಮೇಲೆ ಚುರುಕಾಗಿ ಕಂಡರೂ ಸಣ್ಣಪುಟ್ಟ ಕಾರಣಗಳಿಗೆಲ್ಲ ಕಂತು ಕಡಿಮೆಯಾಗಿ, ಪ್ರತಿ ತಿಂಗಳೂ ಬೇರೆ ಬೇರೆ ಮೊತ್ತ ಹಿಡಿಯುವ ಸ್ಥಿತಿ ಬರುತ್ತದೆ. ಆಗ ಸಮಾನ ಕಂತು ಎಂಬ ಮಾತಿಗೇ ಅರ್ಥ ಉಳಿಯುವುದಿಲ್ಲ. ಕಳೆದ ವರ್ಷದ ಹಾಜರಿ ಪುಸ್ತಕವನ್ನು ಒಮ್ಮೆ ತಿರುವಿ, ಆ ನೌಕರ ಸಾಮಾನ್ಯ ತಿಂಗಳಲ್ಲಿ ಎಷ್ಟು ದಿನ ಸಂಬಳವಿಲ್ಲದೆ ಉಳಿಯುತ್ತಾನೆಂದು ನೋಡಿ, ಕನಿಷ್ಠ ಅಷ್ಟು ದಿನದ ಸಂಬಳದಷ್ಟಾದರೂ ಅಂತರ ಇರುವಂತೆ ಕಂತನ್ನು ಗೊತ್ತು ಮಾಡಬೇಕು.

ಇನ್ನೊಂದು ಸಣ್ಣ ವಿಷಯವಿದೆ. ಕರ್ನಾಟಕದಲ್ಲಿ ತಿಂಗಳಿಗೆ 25,000 ಮತ್ತು ಅದಕ್ಕೂ ಹೆಚ್ಚು ಸಂಬಳವಿರುವವರಿಗೆ ವೃತ್ತಿ ತೆರಿಗೆ ಹನ್ನೊಂದು ತಿಂಗಳು 200 ಇದ್ದು, 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ಬದಲಾವಣೆಯಂತೆ ಫೆಬ್ರವರಿಯಲ್ಲಿ 300 ಆಗುತ್ತದೆ. ಗರಿಷ್ಠಕ್ಕೆ ಸರಿಯಾಗಿ 5,500ರ ಕಂತನ್ನೇ ಇಟ್ಟಿದ್ದರೆ ಎಲ್ಲ ದಿನ ಕೆಲಸಕ್ಕೆ ಬಂದರೂ ಫೆಬ್ರವರಿಯಲ್ಲಿ ಅವನ ಕೈಸಂಬಳ 17,900ಕ್ಕೆ ಇಳಿಯುತ್ತಿತ್ತು. ಡಿಸೆಂಬರ್ ಸಂಬಳದಲ್ಲಿ ಹಿಡಿಯುವ ಕಾರ್ಮಿಕ ಕಲ್ಯಾಣ ನಿಧಿಯ ವಂತಿಗೆ ವರ್ಷಕ್ಕೊಮ್ಮೆ ಬರುವ ಚಿಕ್ಕ ಮೊತ್ತವಾದರೂ ಇದೇ ರೀತಿ ಕಾಡುತ್ತದೆ.

ಮಂಜೂರಾತಿ ಪತ್ರ

ಪತ್ರ ಕನ್ನಡದಲ್ಲಿರಲಿ, ನೌಕರ ಓದಿ ಅಥವಾ ಓದಿಸಿ ಕೇಳಿ ಸಹಿ ಮಾಡಲಿ. ಅದರ ತಿರುಳು ಹೀಗಿದ್ದರೆ ಸಾಕು:

"ಶ್ರೀಯುತರಿಗೆ 48,000 ರೂಪಾಯಿಗಳ ಮುಂಗಡವನ್ನು ಬಡ್ಡಿರಹಿತವಾಗಿ ಜೂನ್ ತಿಂಗಳಲ್ಲಿ ಕೊಡಲಾಗಿದೆ. ಜುಲೈ ತಿಂಗಳ ಸಂಬಳದಿಂದ ಆರಂಭಿಸಿ ತಿಂಗಳಿಗೆ 4,000 ರೂಪಾಯಿಯಂತೆ ಹಿಡಿಯಲಾಗುವುದು. ಯಾವುದೇ ತಿಂಗಳಲ್ಲಿ ಈ ಕಂತಿನಿಂದಾಗಿ ಕೈಸಂಬಳ 18,000 ರೂಪಾಯಿಗಿಂತ ಕಡಿಮೆಯಾಗುವುದಾದರೆ ಅಥವಾ ಒಟ್ಟು ಕಡಿತ ಕಾನೂನಿನ ಮಿತಿಯನ್ನು ಮೀರುವುದಾದರೆ ಕಂತನ್ನು ಅಷ್ಟರ ಮಟ್ಟಿಗೆ ಇಳಿಸಲಾಗುವುದು. ಹಾಗೆ ಬಾಕಿ ಉಳಿದುದನ್ನು ಮುಂದಿನ ತಿಂಗಳ ಕಂತಿಗೆ ಸೇರಿಸದೆ, ಹನ್ನೆರಡನೆಯ ಕಂತಿನ ನಂತರದ ತಿಂಗಳುಗಳಲ್ಲಿ 4,000 ಮೀರದಂತೆ ಹಿಡಿಯಲಾಗುವುದು."

ಈ ಕೊನೆಯ ವಾಕ್ಯವನ್ನು ಬಿಟ್ಟರೆ ಮುಂದೆ ಜಗಳಕ್ಕೆ ದಾರಿಯಾಗುತ್ತದೆ. ಬಾಕಿಯನ್ನು ಮರುತಿಂಗಳಿಗೇ ಸೇರಿಸಿದರೆ ಜ್ವರದಿಂದ ಎದ್ದು ಬಂದವನಿಗೆ ದುಪ್ಪಟ್ಟು ಕಂತು ಬೀಳುತ್ತದೆ. ಉಳಿದ ತಿಂಗಳುಗಳಿಗೆ ಹಂಚಿದರೆ ಪ್ರತಿ ಗೈರುಹಾಜರಿಗೂ ಹೊಸ ಕಂತಿನ ಪಟ್ಟಿ ಬರೆಯಬೇಕಾಗುತ್ತದೆ. ಕೊನೆಗೆ ತಳ್ಳುವುದರಿಂದ ಮಾತ್ರ ಕಂತು ಹಾಗೆಯೇ ಉಳಿದು ಅವಧಿ ಬೆಳೆಯುತ್ತದೆ.

ಬರೆಯಬಾರದ ಮಾತೂ ಒಂದಿದೆ. ಮುಂಗಡ ತೀರುವವರೆಗೆ ಕೆಲಸ ಬಿಡುವಂತಿಲ್ಲ ಎಂಬ ಷರತ್ತು ಹಾಕಬಾರದು. ಗುತ್ತಿಗೆದಾರನಿಂದ ಮುಂಗಡ ಪಡೆದು ದೂರದ ಊರುಗಳಿಗೆ ದುಡಿಯಲು ಹೋಗುವವರು ಯಾದಗಿರಿ, ಕಲಬುರಗಿ ಕಡೆಗೆ ಹೊಸಬರಲ್ಲ. ಮುಂಗಡದ ಕಾರಣಕ್ಕೆ ಕೆಲಸಗಾರನನ್ನು ಕಟ್ಟಿಹಾಕುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಹಣದ ಬಾಕಿ ಹಣದ ಬಾಕಿಯಾಗಿಯೇ ಉಳಿಯಬೇಕು.

ಮುಂಗಡ ಕೊಟ್ಟ ದಿನ ಅದನ್ನು ಆ ತಿಂಗಳ ಸಂಬಳದ ಪಟ್ಟಿಗೆ ಸೇರಿಸಬೇಡಿ. ಅದು ಗಳಿಕೆಯಲ್ಲ. ಲೆಕ್ಕದ ಪುಸ್ತಕದಲ್ಲಿ ನೌಕರರ ಮುಂಗಡ ಎಂಬ ಆಸ್ತಿ ಖಾತೆಗೆ ಖರ್ಚು ಹಾಕಿ, ಬ್ಯಾಂಕ್ ಖಾತೆಯಿಂದಲೇ ಕೊಡಿ. ಸಂಬಳದ ಪಟ್ಟಿಯಲ್ಲಿ ಅದು ಕಾಣಿಸಿಕೊಂಡರೆ ಭವಿಷ್ಯ ನಿಧಿ, ತೆರಿಗೆ ಎಲ್ಲವೂ ತಪ್ಪು ಮೊತ್ತದ ಮೇಲೆ ಬೀಳುತ್ತವೆ.

ಪ್ರತಿ ತಿಂಗಳ ಲೆಕ್ಕ

ಕಡಿತಗಳ ಸರದಿಯಲ್ಲಿ ಮುಂಗಡದ ಕಂತು ಯಾವಾಗಲೂ ಕೊನೆಯದು. ಮೊದಲು ಹಾಜರಾತಿಯಂತೆ ಆ ತಿಂಗಳ ಗಳಿಕೆಯನ್ನು ತೆಗೆಯಿರಿ. ಅದರ ಮೇಲೆ ಭವಿಷ್ಯ ನಿಧಿ, ವೃತ್ತಿ ತೆರಿಗೆ, ಆದಾಯ ತೆರಿಗೆ ಇದ್ದರೆ ಅದು, ಆಮೇಲೆ ಸಹಕಾರ ಸಂಘ. ಇವೆಲ್ಲ ಮುಗಿದು ಉಳಿದ ಮೊತ್ತವೇ ಕಂತಿಗೆ ಮುಂಚಿನ ಕೈಸಂಬಳ. ಕಂತನ್ನು ಮೊದಲೇ ಕಳೆದು ಉಳಿದುದರ ಮೇಲೆ ಭವಿಷ್ಯ ನಿಧಿ ಲೆಕ್ಕ ಹಾಕಿದರೆ ವಂತಿಗೆ ಕಡಿಮೆ ಕಟ್ಟಿದ ತಪ್ಪು ಸಂಸ್ಥೆಯ ತಲೆಗೆ ಬರುತ್ತದೆ.

ಆಮೇಲೆ ನಾಲ್ಕು ಮೊತ್ತಗಳನ್ನು ಪಕ್ಕಪಕ್ಕದಲ್ಲಿ ಬರೆಯಿರಿ: ನಿಗದಿತ ಕಂತು, ಉಳಿದಿರುವ ಬಾಕಿ, ಕನಿಷ್ಠ ಕೈಸಂಬಳ ಕಳೆದ ಮೇಲೆ ಉಳಿಯುವುದು, ಕಾನೂನಿನ ಮಿತಿಯಲ್ಲಿ ಉಳಿಯುವುದು. ಇವುಗಳಲ್ಲಿ ಅತಿ ಚಿಕ್ಕದೇ ಈ ತಿಂಗಳ ಕಂತು. ಅದು ಸೊನ್ನೆಗಿಂತ ಕೆಳಗೆ ಹೋದರೆ ಕಂತು ಸೊನ್ನೆ. ಹಾಳೆಯಲ್ಲಿ ಸೂತ್ರ ಹೀಗಿರುತ್ತದೆ:

```
=MAX(0,ROUNDDOWN(MIN(B2,C2,D2-E2,F2/2-G2),0))
```

`B2` ನಿಗದಿತ ಕಂತು, `C2` ಬಾಕಿ, `D2` ಕಂತಿಗೆ ಮುಂಚಿನ ಕೈಸಂಬಳ, `E2` ಕನಿಷ್ಠ ಕೈಸಂಬಳ, `F2` ಆ ತಿಂಗಳು ಗಳಿಸಿದ ವೇತನ (ಹೊರಗಿಟ್ಟ ಭತ್ಯೆಗಳನ್ನು ಬಿಟ್ಟು), `G2` ಮುಂಗಡದ ಹೊರತಾದ ಎಲ್ಲ ಕಡಿತಗಳ ಮೊತ್ತ. ಪೈಸೆಯನ್ನು ಯಾವಾಗಲೂ ಕೆಳಮುಖವಾಗಿಯೇ ಬಿಡಬೇಕು. ಮೇಲ್ಮುಖವಾಗಿ ಪೂರ್ಣಾಂಕ ಮಾಡಿದರೆ ಕೈಸಂಬಳ 17,999 ಆಗಿ ನಿಯಮ ಮುರಿಯಬಹುದು.

ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ ನಮ್ಮ ನೌಕರ ಪೂರ್ತಿ ಕೆಲಸ ಮಾಡಿದ್ದಾನೆ. 4,000ದಂತೆ ಎರಡು ಕಂತು ಹೋಗಿ ಬಾಕಿ 40,000ಕ್ಕೆ ಬಂದಿದೆ. ಸೆಪ್ಟೆಂಬರಿನಲ್ಲಿ ಮಳೆಯ ಜ್ವರ ಹಿಡಿದು ಐದು ದಿನ ಸಂಬಳವಿಲ್ಲದ ರಜೆಯಾಯಿತು. 28,000ದಲ್ಲಿ 4,667 ಹೋಗಿ ಗಳಿಕೆ 23,333. ಭವಿಷ್ಯ ನಿಧಿ ಬದಲಾಗುವುದಿಲ್ಲ, ಏಕೆಂದರೆ ಐದು ದಿನ ಕಳೆದರೂ ವೇತನ 18,333 ಇದ್ದು 15,000ದ ಮಿತಿಗಿಂತ ಮೇಲೆಯೇ ಇದೆ. ವೃತ್ತಿ ತೆರಿಗೆ ಮಾತ್ರ ಈ ತಿಂಗಳು ಇಲ್ಲ, ಗಳಿಕೆ 25,000ಕ್ಕಿಂತ ಕಡಿಮೆಯಾಗಿದೆ. ಕಣ್ಣು ತಪ್ಪಿ 200 ಹಿಡಿದರೆ ಕಂತೂ 200ರಷ್ಟು ತಪ್ಪುತ್ತದೆ. 23,333ರಲ್ಲಿ 1,800 ಮತ್ತು 2,500 ಕಳೆದರೆ 19,033. ಕನಿಷ್ಠ 18,000ವನ್ನು ಬಿಟ್ಟು ಉಳಿಯುವುದು 1,033. ಕಾನೂನಿನ ಮಿತಿಯ ಪ್ರಕಾರ 4,866ರವರೆಗೆ ಹಿಡಿಯಬಹುದಿತ್ತು, ಅಂದರೆ ಶೇಕಡಾ 50ರ ನಿಯಮವೊಂದನ್ನೇ ನೋಡುವವರು ಪೂರ್ತಿ 4,000 ಹಿಡಿದು, ಜ್ವರದಿಂದ ಎದ್ದವನ ಕೈಗೆ 15,033 ಕೊಟ್ಟು ಕಳಿಸುತ್ತಿದ್ದರು. ನಾವು ಹಿಡಿಯುವುದು 1,033, ಕೊನೆಗೆ ತಳ್ಳುವುದು 2,967.

ಒಂದು ವೇಳೆ ರಜೆ ಇನ್ನೂ ಹೆಚ್ಚಾಗಿ ಕಂತಿಗೆ ಮುಂಚಿನ ಕೈಸಂಬಳವೇ 18,000ಕ್ಕಿಂತ ಕೆಳಗಿಳಿದರೆ ಆ ತಿಂಗಳು ಏನನ್ನೂ ಹಿಡಿಯಬಾರದು, ಅಷ್ಟೇ. ಕೊರತೆಯನ್ನು ಸಂಸ್ಥೆ ತುಂಬಿಕೊಡಬೇಕಾಗಿಲ್ಲ. ಈ ನಿಯಮ ಕಾಯುವುದು ಮುಂಗಡದ ಕಂತಿನಿಂದ, ಗೈರುಹಾಜರಿಯಿಂದ ಅಲ್ಲ. ಇದನ್ನು ಕೊಡುವಾಗಲೇ ಬಾಯಿಮಾತಿನಲ್ಲಿ ತಿಳಿಸಿರಬೇಕು.

ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಐದು ತಿಂಗಳು ಹೇಳುವಂಥದ್ದು ಏನಿಲ್ಲ. ಡಿಸೆಂಬರಿನ ಕಲ್ಯಾಣ ನಿಧಿಯನ್ನೂ ಫೆಬ್ರವರಿಯ ಹೆಚ್ಚುವರಿ ನೂರು ರೂಪಾಯಿಯನ್ನೂ 1,500ರ ಅಂತರವೇ ನುಂಗಿಕೊಂಡು, ಬಾಕಿ 18,967ಕ್ಕೆ ಇಳಿಯುತ್ತದೆ. ಮಾರ್ಚ್‌ನಲ್ಲಿ ಶರಣಬಸವೇಶ್ವರ ಜಾತ್ರೆಗೆಂದು ಮನೆಗೆ ನೆಂಟರು ಬಂದಿದ್ದಾರೆ, ಅವನು ಎರಡು ದಿನ ಬಂದಿಲ್ಲ, ಸಂಬಳ ಸಹಿತ ರಜೆ ಉಳಿದಿಲ್ಲ. 31 ದಿನದ ತಿಂಗಳಾದ್ದರಿಂದ ದಿನಕ್ಕೆ 903ರಂತೆ 1,806 ಕಳೆದು ಗಳಿಕೆ 26,194. ಈ ಸಲ ವೃತ್ತಿ ತೆರಿಗೆ ಇದೆ. 4,500 ಕಡಿತ ಹೋಗಿ 21,694, ಅದರಲ್ಲಿ 18,000 ಬಿಟ್ಟು ಕಂತು 3,694. ಬರೀ 306 ರೂಪಾಯಿಯ ಕೊರತೆ. ಇಷ್ಟಕ್ಕೆಲ್ಲ ನಿಯಮ ಯಾಕೆ, ಪೂರ್ತಿ 4,000 ಹಿಡಿದುಬಿಡೋಣ ಎಂದು ಅನ್ನಿಸುವುದು ಇಂಥ ತಿಂಗಳಲ್ಲಿಯೇ. ಆದರೆ ಒಮ್ಮೆ ಕೈಯಿಂದ ತಿದ್ದಿದ ಸಾಲು ಮುಂದಿನ ತಿಂಗಳು ಸೂತ್ರವಿಲ್ಲದೆ ಹಾಗೆಯೇ ನಕಲಾಗುತ್ತದೆ. ಸೂತ್ರ ಹೇಳಿದಷ್ಟೇ ಹಿಡಿಯಿರಿ.

ಮಾರ್ಚ್ ಮುಗಿದಾಗ ಬಾಕಿ 15,273. ಏಪ್ರಿಲ್, ಮೇ, ಜೂನ್ ಕಂತುಗಳ ನಂತರ 3,273. ಇದು ಸೆಪ್ಟೆಂಬರಿನ 2,967 ಮತ್ತು ಮಾರ್ಚ್‌ನ 306 ಸೇರಿದ ಮೊತ್ತವೇ. ಹದಿಮೂರನೆಯ ತಿಂಗಳಾದ ಜುಲೈ ಸಂಬಳದಲ್ಲಿ, ಬಾಕಿ ಕಂತಿಗಿಂತ ಚಿಕ್ಕದಾಗಿರುವುದರಿಂದ ಸೂತ್ರ ತಾನಾಗಿ 3,273ನ್ನೇ ತೋರಿಸುತ್ತದೆ, ಖಾತೆ ಸೊನ್ನೆಗೆ ಬರುತ್ತದೆ. ನಡುವೆ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಏರಿದ್ದರೆ ಕಂತನ್ನು ಏರಿಸಲು ಹೋಗಬೇಡಿ. ಏರಿದ ಹಣ ಕೊರತೆಯಾಗುವ ತಿಂಗಳುಗಳಿಗೆ ಅಂತರವಾಗಿ ಉಳಿಯಲಿ.

ಲೆಕ್ಕ ಎಲ್ಲಿ ತಪ್ಪುತ್ತದೆ, ಹೇಗೆ ಗೊತ್ತಾಗುತ್ತದೆ

ಅತಿ ಹೆಚ್ಚು ಕಾಣುವ ತಪ್ಪು, ಕಂತಿನ ಪಟ್ಟಿಯನ್ನೇ ಬಾಕಿಯ ಪಟ್ಟಿಯೆಂದು ತಿಳಿಯುವುದು. ಮಂಜೂರಾತಿಯ ದಿನವೇ ಹನ್ನೆರಡು ಸಾಲುಗಳಲ್ಲಿ 44,000, 40,000, 36,000 ಎಂದು ಬರೆದಿಟ್ಟಿರುತ್ತಾರೆ. ಸೆಪ್ಟೆಂಬರಿನಲ್ಲಿ ಹಿಡಿದದ್ದು 1,033 ಆದರೂ ಪಟ್ಟಿಯಲ್ಲಿ 36,000 ಹಾಗೆಯೇ ಉಳಿಯುತ್ತದೆ. ಜೂನ್ ಬಂದಾಗ ಪಟ್ಟಿ ಮುಗಿದಿದೆ ಎಂದು ಕಂತು ನಿಲ್ಲುತ್ತದೆ, 3,273 ರೂಪಾಯಿ ಯಾರ ಕಣ್ಣಿಗೂ ಬೀಳದೆ ಉಳಿದುಹೋಗುತ್ತದೆ. ಇದರ ತದ್ವಿರುದ್ಧವೂ ಆಗುತ್ತದೆ. ಜುಲೈ ಸಂಬಳದಲ್ಲಿ 3,273ರ ಬದಲು ಪೂರ್ತಿ 4,000 ಹಿಡಿದು, ನೌಕರನಿಗೆ 727 ವಾಪಸು ಕೊಡಬೇಕಾಗುತ್ತದೆ. ಆದ್ದರಿಂದ ಬಾಕಿಯನ್ನು ಯಾವಾಗಲೂ ಹಿಂದಿನ ಬಾಕಿಯಲ್ಲಿ ನಿಜವಾಗಿ ಹಿಡಿದ ಮೊತ್ತವನ್ನು ಕಳೆದು ತೆಗೆಯಬೇಕು, ನಿಗದಿತ ಮೊತ್ತವನ್ನು ಕಳೆದಲ್ಲ.

ಪತ್ತೆ ಹಚ್ಚುವ ದಾರಿ ಸರಳ. ಪ್ರತಿ ತಿಂಗಳು ಸಂಬಳ ಬಟವಾಡೆಯಾದ ಮೇಲೆ, ಟ್ಯಾಲಿಯಲ್ಲಿ ನೌಕರರ ಮುಂಗಡ ಖಾತೆಯ ಒಟ್ಟು ಬಾಕಿಯನ್ನು ಒಬ್ಬೊಬ್ಬರ ಹಾಳೆಯ ಬಾಕಿಗಳ ಮೊತ್ತದೊಡನೆ ಹೋಲಿಸಿ. ಎರಡೂ ಒಂದೇ ಆಗಿರಬೇಕು. ವ್ಯತ್ಯಾಸ ಬಂದರೆ ಆ ತಿಂಗಳು ಕಂತು ಇಳಿದವರ ಹೆಸರನ್ನೇ ಮೊದಲು ನೋಡಿ, ತಪ್ಪು ಬಹುಪಾಲು ಅಲ್ಲಿಯೇ ಇರುತ್ತದೆ. ಇನ್ನೊಂದು ಪರೀಕ್ಷೆಯನ್ನು ನೌಕರನೇ ಮಾಡುವಂತಾಗಬೇಕು. ವೇತನ ಚೀಟಿಯಲ್ಲಿ ಮುಂಗಡದ ಸಾಲಿನ ಮುಂದೆ ಬರೀ ಹಿಡಿದ ಮೊತ್ತ ಬರೆಯದೆ, "ನಿಗದಿತ ಕಂತು 4,000, ಹಿಡಿದದ್ದು 1,033, ಉಳಿದ ಬಾಕಿ 38,967" ಎಂದು ಮೂರನ್ನೂ ಬರೆಯಿರಿ. ಇಷ್ಟು ಕಂಡರೆ ಕಚೇರಿಗೆ ಬಂದು ಕೇಳುವವರ ಸಂಖ್ಯೆಯೂ ಕಡಿಮೆಯಾಗುತ್ತದೆ.

ಮೊದಲ ಮುಂಗಡ ತೀರುವ ಮುಂಚೆ ಎರಡನೆಯದನ್ನು ಕೊಡುವ ಪ್ರಸಂಗ ಬಂದರೆ ಎರಡು ಕಂತುಗಳನ್ನು ಪಕ್ಕಪಕ್ಕ ಓಡಿಸಬೇಡಿ. ಎರಡು ಸಾಲುಗಳೂ ಅದೇ 18,000ವನ್ನು ತಮ್ಮ ತಮ್ಮ ಪಾಲಿಗೆ ಬೇರೆ ಬೇರೆ ನೋಡಿಕೊಳ್ಳುತ್ತವೆ. ಒಂದೊಂದೂ ಸರಿಯಾಗಿ ಕಂಡರೂ ಸೇರಿ ಮಿತಿ ದಾಟುತ್ತವೆ. ಹಳೆಯ ಬಾಕಿಯನ್ನು ಹೊಸ ಮೊತ್ತಕ್ಕೆ ಸೇರಿಸಿ, ಒಂದೇ ಹೊಸ ಪತ್ರ ಬರೆದು, ಗರಿಷ್ಠ ಕಂತಿನ ಲೆಕ್ಕವನ್ನು ಮೊದಲಿನಿಂದ ಹಾಕಬೇಕು.

ನಡುವೆ ಕೆಲಸ ಬಿಟ್ಟರೆ

ನಮ್ಮ ನೌಕರ ಡಿಸೆಂಬರ್ ಕೊನೆಯಲ್ಲಿ ಕೆಲಸ ಬಿಟ್ಟ ಎಂದುಕೊಳ್ಳಿ. ನವೆಂಬರಿನ ನಂತರ ಬಾಕಿ 30,967. ವೇತನ ಸಂಹಿತೆಯ 17ನೇ ಕಲಮಿನಂತೆ ರಾಜೀನಾಮೆ ಕೊಟ್ಟವನಿಗೂ ಎರಡು ಕೆಲಸದ ದಿನಗಳೊಳಗೆ ಸಂಬಳದ ಲೆಕ್ಕ ಚುಕ್ತಾ ಮಾಡಬೇಕು, ಹಾಗಾಗಿ ನಿಧಾನವಾಗಿ ಯೋಚಿಸಲು ಸಮಯವಿರುವುದಿಲ್ಲ. ಕೊನೆಯ ಸಂಬಳವೆಂದು ಎಲ್ಲವನ್ನೂ ಒಮ್ಮೆಗೇ ಹಿಡಿಯುವಂತಿಲ್ಲ, ಶೇಕಡಾ 50ರ ಮಿತಿ ಆ ತಿಂಗಳಿಗೂ ಇದೆ. ನಿಗದಿತ 4,000ದ ಕಂತು ಕೊನೆಯ ತಿಂಗಳಿಗೆ ಅನ್ವಯಿಸುವುದಿಲ್ಲ, ಆದರೆ ಕನಿಷ್ಠ ಕೈಸಂಬಳ ಅನ್ವಯಿಸುತ್ತದೆ ಎಂದು ಪತ್ರದಲ್ಲಿ ಬರೆದಿದ್ದರೆ ಸುಮಾರು 5,500ರವರೆಗೆ ಹಿಡಿಯಬಹುದು. ಆಗ 25,467 ಉಳಿಯುತ್ತದೆ.

ಈ ಉಳಿಕೆಗೆ ಅವನ ಭವಿಷ್ಯ ನಿಧಿಯನ್ನಾಗಲಿ ಉಪದಾನವನ್ನಾಗಲಿ ತಡೆಹಿಡಿಯುವ ಮಾತೇ ಬೇಡ, ಕಾನೂನು ಅದಕ್ಕೆ ಅವಕಾಶ ಕೊಡುವುದಿಲ್ಲ. ಉಳಿದ ರಜೆಯ ನಗದೀಕರಣದ ಹಣವಿದ್ದರೆ ಅವನ ಲಿಖಿತ ಒಪ್ಪಿಗೆ ಪಡೆದು ಹೊಂದಿಸಿಕೊಳ್ಳಬಹುದು. ಅದಾದ ಮೇಲೂ ಉಳಿದುದಕ್ಕೆ ತಿಂಗಳಿಗೆ ಇಂತಿಷ್ಟು ಕಟ್ಟುತ್ತೇನೆ ಎಂಬ ಒಪ್ಪಿಗೆ ಪತ್ರ ಬರೆಸಿ, ಬ್ಯಾಂಕ್ ಖಾತೆಯ ಮೂಲಕವೇ ಹಣ ಪಡೆದು, ಪ್ರತಿ ಸಲ ರಸೀದಿ ಕೊಡಿ. ನೌಕರರ ಮುಂಗಡ ಖಾತೆಯಿಂದ ಆ ಬಾಕಿಯನ್ನು ಬೇರೆ ತೆಗೆದು ಬರಬೇಕಾದ ಹಣದ ಖಾತೆಗೆ ವರ್ಗಾಯಿಸಬೇಕು, ಇಲ್ಲವಾದರೆ ತಿಂಗಳ ಹೋಲಿಕೆಯಲ್ಲಿ ಸಂಬಳದ ಪಟ್ಟಿಯಲ್ಲೇ ಇಲ್ಲದವನ ಹೆಸರಿನ ಮೊತ್ತ ಪ್ರತಿ ಸಲ ವ್ಯತ್ಯಾಸವಾಗಿ ತೋರಿಸುತ್ತಲೇ ಇರುತ್ತದೆ.